ರಾತ್ರಿ ಎರಡು ವೆಂಡರ್‌ಗಳ ಕ್ಲೋಸಿಂಗ್ ಬೆಲೆ ತಾಳೆ ನೋಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ಮಂಗಳೂರಿನ ಕೊಡಿಯಾಲ್‌ಬೈಲಿನಲ್ಲಿ ನಾಲ್ಕು ಜನರ ಸಣ್ಣ ಆಫೀಸು. ಊರಿನ ಕೆಲವು ಕುಟುಂಬಗಳ ಶೇರುಗಳ ಲೆಕ್ಕ ಇಡುವುದು ನಮ್ಮ ಕೆಲಸ. ಯಾರ ಹತ್ತಿರ ಎಷ್ಟು ಶೇರು ಉಂಟು, ಇವತ್ತಿಗೆ ಅದರ ಬೆಲೆ ಎಷ್ಟು, ಹೋದ ವರ್ಷಕ್ಕಿಂತ ಎಷ್ಟು ಏರಿತು, ಇಷ್ಟೇ. ಇದಕ್ಕೆ ಬೇಕಾದ ಬೆಲೆಗಳನ್ನು ದುಡ್ಡು ಕೊಟ್ಟು ಇಬ್ಬರು ಡೇಟಾ ವೆಂಡರ್‌ಗಳಿಂದ ತರಿಸುತ್ತೇವೆ, ಪ್ರತಿ ರಾತ್ರಿ ಎರಡನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡುತ್ತೇವೆ. ಉಡುಪಿ, ಮಣಿಪಾಲದ ಕಡೆಯ ಸ್ನೇಹಿತರು ಇದೇ ಕೆಲಸ ಶುರು ಮಾಡುವಾಗ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಇಲ್ಲಿ A ಅಂದರೆ ನಾವು ಲೆಕ್ಕಕ್ಕೆ ಬಳಸುವ ಮುಖ್ಯ ವೆಂಡರ್, B ಅಂದರೆ ತಾಳೆಗೆ ಇಟ್ಟುಕೊಂಡವರು.

ಒಬ್ಬ ವೆಂಡರ್ ಸಾಲದಾ? ಎರಡು ಕಡೆ ದುಡ್ಡು ಯಾಕೆ?

ಫೈಲೇ ಬರಲಿಲ್ಲ ಅಂದರೆ ನಿಮಗೆ ಗೊತ್ತಾಗುತ್ತದೆ. ಬೆಲೆಯ ಜಾಗದಲ್ಲಿ ಸೊನ್ನೆ ಬಂದರೂ ಗೊತ್ತಾಗುತ್ತದೆ. ಆದರೆ 200.32 ಇರಬೇಕಾದ ಕಡೆ 201.20 ಬಂದರೆ? ಫೈಲ್ ಸರಿ ಸಮಯಕ್ಕೆ ಬಂದಿದೆ, ಎಲ್ಲ ಸಾಲುಗಳೂ ಇವೆ, ಅಂಕಿ ನೋಡಲಿಕ್ಕೂ ಸಹಜವಾಗಿದೆ. ಆ ಒಂದೇ ಫೈಲನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಅದರೊಳಗೆ ತಪ್ಪಿನ ಗುರುತು ಸಿಗುವುದಿಲ್ಲ. ನಾನು ಸದ್ದಿಲ್ಲದ ತಪ್ಪು ಅನ್ನುವುದು ಇದಕ್ಕೆ. ಬೇರೆ ದಾರಿಯಿಂದ ಬಂದ ಇನ್ನೊಂದು ಅಂಕಿಯನ್ನು ಪಕ್ಕದಲ್ಲಿ ಇಟ್ಟರೆ ಮಾತ್ರ ಇದು ಕಾಣುತ್ತದೆ.

ಎರಡರ ನಡುವೆ ಎಷ್ಟು ವ್ಯತ್ಯಾಸ ಇದ್ದರೆ ಪರವಾಗಿಲ್ಲ?

ಒಂದು ಪೈಸೆಯೂ ಇರಬಾರದು. ಎಲ್ಲರೂ ಮೊದಲು ಎಡವುವುದು ಇಲ್ಲೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕ್ಲೋಸಿಂಗ್ ಬೆಲೆ ಯಾರೋ ಮಾಡಿದ ಅಂದಾಜು ಅಲ್ಲ. ಎಕ್ಸ್‌ಚೇಂಜ್ ಲೆಕ್ಕ ಹಾಕಿ ದಿನಕ್ಕೆ ಒಂದು ಸಲ ಪ್ರಕಟಿಸುವ ಒಂದೇ ಅಂಕಿ ಅದು. ಎನ್‌ಎಸ್‌ಇಯಲ್ಲಿ ಬಹುಕಾಲದಿಂದ ನಡೆದು ಬಂದ ಕ್ರಮ ಅಂದರೆ ಮಧ್ಯಾಹ್ನ 3ರಿಂದ 3:30ರ ತನಕ ನಡೆದ ವ್ಯಾಪಾರಗಳ ಸರಾಸರಿ. ಜಾಸ್ತಿ ಶೇರು ಕೈ ಬದಲಾದ ಬೆಲೆಗೆ ಜಾಸ್ತಿ ತೂಕ. ಆ ಅರ್ಧ ಗಂಟೆಯಲ್ಲಿ ವ್ಯಾಪಾರವೇ ಆಗದಿದ್ದರೆ ಆ ದಿನದ ಕೊನೆಯ ವ್ಯಾಪಾರದ ಬೆಲೆಯೇ ಕ್ಲೋಸಿಂಗ್. ಕೊನೆಯಲ್ಲಿ ಹರಾಜು ನಡೆಸಿ ಕ್ಲೋಸಿಂಗ್ ಬೆಲೆ ಕಂಡುಹಿಡಿಯುವ ಪ್ರಸ್ತಾಪವನ್ನು ಸೆಬಿ 2025ರಲ್ಲಿ ಮುಂದಿಟ್ಟಿತು. ಲೆಕ್ಕದ ದಾರಿ ಯಾವುದೇ ಇರಲಿ, ಕೊನೆಗೆ ಹೊರಬರುವುದು ಒಂದೇ ಅಂಕಿ. A ಕೊಡುವುದೂ ಅದನ್ನೇ, B ಕೊಡುವುದೂ ಅದನ್ನೇ ಅಂದ ಮೇಲೆ ಎರಡೂ ಪೈಸೆ ಸಮೇತ ಒಂದೇ ಇರಬೇಕು ಅಲ್ವಾ?

ನಾವು ಅರ್ಧ ಶೇಕಡಾ ತನಕ ಬಿಡುತ್ತೇವೆ. ಅದರಿಂದ ಎಂತ ತೊಂದರೆ?

ನಾವೂ ಹಾಗೇ ಬಿಡುತ್ತಿದ್ದೆವು. ಆದದ್ದು ಹೇಳುತ್ತೇನೆ.

ನಮ್ಮ ಪಟ್ಟಿಯಲ್ಲಿ ಆಗ 412 ಶೇರುಗಳಿದ್ದವು. ಅರ್ಧ ಶೇಕಡಾಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಮಾತ್ರ ಪಟ್ಟಿ ಮಾಡು ಅಂತ ಪ್ರೋಗ್ರಾಮಿಗೆ ಹೇಳಿದ್ದೆವು. ಸಾಮಾನ್ಯವಾಗಿ ರಾತ್ರಿ ಒಂದೋ ಎರಡೋ ಬರುತ್ತಿದ್ದವು. ಒಂದು ಸೋಮವಾರ ಒಂಬತ್ತು ಬಂದವು. ನೋಡಿದರೆ ಎಲ್ಲ ಸಣ್ಣ ಕಂಪನಿಗಳು, ದಿನಕ್ಕೆ ನಾಲ್ಕು ಜನ ಕೊಂಡು ಮಾರುವಂಥವು. ಅವುಗಳ ಬೆಲೆ ಹಾಗೇ ಆಡುತ್ತದೆ ಅಂತ ನಾನೇ ಸಹಿ ಹಾಕಿದೆ. ಮರುದಿನ ಏಳು. ಅದರ ಮರುದಿನ ಹನ್ನೊಂದು. ಆರು ರಾತ್ರಿ ಹೀಗೆ ಹೋಯಿತು. ಏಳನೇ ದಿನ ಬೆಳಿಗ್ಗೆ ಪುತ್ತೂರಿನ ಒಬ್ಬ ಹಿರಿಯರು ಫೋನ್ ಮಾಡಿದರು. ನಿವೃತ್ತ ಮೇಷ್ಟ್ರು, ಪ್ರತಿ ದಿನ ಪೇಪರಿನಲ್ಲಿ ತಮ್ಮ ಹತ್ತು ಶೇರುಗಳ ಬೆಲೆ ನೋಡಿ ಪುಸ್ತಕದಲ್ಲಿ ಬರೆದಿಡುವವರು.

"ನಿಮ್ಮ ಸ್ಟೇಟ್‌ಮೆಂಟಿನಲ್ಲಿ ಹತ್ತರಲ್ಲಿ ಒಂಬತ್ತು ತಪ್ಪು ಉಂಟು ಮಾರಾಯ್ರೇ. ಎಲ್ಲ ಎಂಟಾಣೆ, ಒಂದು ರೂಪಾಯಿ, ಆದರೆ ತಪ್ಪು ತಪ್ಪೇ ಅಲ್ವಾ?"

ಅವರು ಹೇಳಿದ್ದು ಸರಿ ಇತ್ತು. ಮಿತಿಯನ್ನು ಸೊನ್ನೆಗೆ ಇಳಿಸಿ ಆ ಆರು ರಾತ್ರಿಗಳನ್ನು ಮತ್ತೆ ಓಡಿಸಿದೆ. ಸೋಮವಾರ 412ರಲ್ಲಿ ತಾಳೆಯಾದದ್ದು 37 ಮಾತ್ರ. ಅದರ ಹಿಂದಿನ ಶುಕ್ರವಾರ 411 ತಾಳೆಯಾಗಿದ್ದವು. ಭಾನುವಾರ ಎಲ್ಲೋ A ಕಡೆ ಏನೋ ಬದಲಾಗಿತ್ತು. ಅವರ ಫೈಲಿನ ಕ್ಲೋಸಿಂಗ್ ಕಾಲಮ್ಮಿಗೆ ಕೊನೆಯ ವ್ಯಾಪಾರದ ಬೆಲೆ, ಅಂದರೆ ಎಲ್‌ಟಿಪಿ, ಬಂದು ಕೂತಿತ್ತು.

ಎಲ್‌ಟಿಪಿಗೂ ಕ್ಲೋಸಿಂಗಿಗೂ ಅಂತರ ಎಷ್ಟಿರುತ್ತದೆ ಅಂತ ಒಂದು ಲೆಕ್ಕ ನೋಡಿ. ಒಂದು ಶೇರು ಕೊನೆಯ ಅರ್ಧ ಗಂಟೆಯಲ್ಲಿ ಹೀಗೆ ಮಾರಾಟವಾಯಿತು ಅಂತ ಇಟ್ಟುಕೊಳ್ಳಿ: 200 ರೂಪಾಯಿಗೆ 4000, 200.40ಕ್ಕೆ 5000, ಕೊನೆಯ ಹತ್ತು ಸೆಕೆಂಡಿನಲ್ಲಿ 201.20ಕ್ಕೆ 1000. ಒಟ್ಟು 10,000 ಶೇರು, 20,03,200 ರೂಪಾಯಿ. ಕ್ಲೋಸಿಂಗ್ 200.32. ಎಲ್‌ಟಿಪಿ 201.20. ವ್ಯತ್ಯಾಸ 88 ಪೈಸೆ, ಶೇಕಡಾ 0.44. ನಮ್ಮ ಅರ್ಧ ಶೇಕಡಾದ ಜರಡಿಯಲ್ಲಿ ಇದು ಆರಾಮಾಗಿ ಕೆಳಗೆ ಬೀಳುತ್ತದೆ. ತುಂಬ ವ್ಯಾಪಾರ ಆಗುವ ದೊಡ್ಡ ಶೇರುಗಳಲ್ಲಿ ಅಂತರ ಇದಕ್ಕಿಂತ ಕಡಿಮೆ ಇರುವುದೇ ಜಾಸ್ತಿ. ಹಾಗಾಗಿ ಜರಡಿಯಲ್ಲಿ ಉಳಿದದ್ದು ಬರೀ ಸಣ್ಣ ಶೇರುಗಳು, ನಾನು ತಪ್ಪು ತಿಳಿದದ್ದೂ ಅದರಿಂದಲೇ.

ಈಗ ನಾವು ಪ್ರತಿ ರಾತ್ರಿ ಮೊದಲು ನೋಡುವುದು ಒಂದೇ ಅಂಕಿ: ಇಷ್ಟರಲ್ಲಿ ಎಷ್ಟು ಪೈಸೆ ಸಮೇತ ತಾಳೆಯಾದವು. 412ರಲ್ಲಿ 411 ಇದ್ದದ್ದು 37ಕ್ಕೆ ಬಿದ್ದರೆ ಯಾರಿಗಾದರೂ ಕಾಣುತ್ತದೆ.

ಎಲ್‌ಟಿಪಿ ಅಂತ ಖಚಿತವಾಗಿ ಹೇಗೆ ಗೊತ್ತಾಯಿತು? ಬಿಎಸ್‌ಇ ಬೆಲೆಯೂ ಆಗಿರಬಹುದಲ್ಲ?

ಒಳ್ಳೆಯ ಪ್ರಶ್ನೆ. ಎರಡೂ ನೋಡಲಿಕ್ಕೆ ಒಂದೇ ತರ. ಹೆಚ್ಚುಕಡಿಮೆ ಎಲ್ಲ ಶೇರುಗಳಲ್ಲೂ ವ್ಯತ್ಯಾಸ, ಎಲ್ಲ ಸಣ್ಣದು, ಕೆಲವು ಮೇಲೆ ಕೆಲವು ಕೆಳಗೆ. ಒಂದೇ ಕಂಪನಿ ಎರಡೂ ಎಕ್ಸ್‌ಚೇಂಜಿನಲ್ಲಿ ಬೇರೆ ಬೇರೆ ಕ್ಲೋಸಿಂಗ್ ತೋರಿಸುವುದು ದಿನನಿತ್ಯದ ಸಂಗತಿ.

ಇಲ್ಲಿ ಬೇಕಾಗುವುದು ಮೂರನೆಯವರು. ಎನ್‌ಎಸ್‌ಇ ಪ್ರತಿ ಸಂಜೆ ಭಾವ್‌ಕಾಪಿ ಅಂತ ಒಂದು ಫೈಲ್ ಹಾಕುತ್ತದೆ, ಆ ದಿನ ವ್ಯಾಪಾರವಾದ ಪ್ರತಿ ಶೇರಿನ ಬೆಲೆಗಳು ಅದರಲ್ಲಿ ಇರುತ್ತವೆ. 2024ರ ಜುಲೈ 8ರಿಂದ ಹೊಸ ಮಾದರಿಯ ಫೈಲ್ ಬಂದಿದೆ. ಅದರಲ್ಲಿ `ClsPric` ಅಂದರೆ ಕ್ಲೋಸಿಂಗ್, `LastPric` ಅಂದರೆ ಕೊನೆಯ ವ್ಯಾಪಾರದ ಬೆಲೆ. ಎರಡೂ ಬೇರೆ ಬೇರೆ ಕಾಲಮ್. ತಾಳೆಯಾಗದ 375 ಶೇರುಗಳಿಗೆ A ಕೊಟ್ಟ ಬೆಲೆಯನ್ನು ನಾನು `LastPric` ಪಕ್ಕ ಇಟ್ಟೆ. 375ಕ್ಕೆ 375 ಪೈಸೆ ಸಮೇತ ಕೂತವು. B ಕೊಟ್ಟದ್ದು `ClsPric` ಜೊತೆ ಕೂತಿತು. ಅಲ್ಲಿಗೆ ಮುಗಿಯಿತು, ಯಾರದ್ದು ತಪ್ಪು ಅನ್ನುವುದಷ್ಟೇ ಅಲ್ಲ, ಎಂತಹ ತಪ್ಪು ಅನ್ನುವುದೂ ಗೊತ್ತಾಯಿತು. `LastPric` ಜೊತೆ ಕೂರದಿದ್ದರೆ ಬಿಎಸ್‌ಇಯ ಭಾವ್‌ಕಾಪಿ ತೆಗೆದು ನೋಡಬೇಕಿತ್ತು. ವೆಂಡರ್ ವ್ಯಾಪಾರದ ಪ್ರಮಾಣವನ್ನೂ ಕೊಡುತ್ತಿದ್ದರೆ ಅದರಲ್ಲೂ ಸುಳಿವು ಸಿಗುತ್ತದೆ, ಬಿಎಸ್‌ಇಯದ್ದಾದರೆ ಹೆಚ್ಚಿನ ಶೇರುಗಳಿಗೆ ಪ್ರಮಾಣ ತುಂಬ ಕಡಿಮೆ ಕಾಣುತ್ತದೆ.

ಉಳಿದ 37 ಯಾಕೆ ತಾಳೆಯಾದವು ಅಂತ ನಮ್ಮ ಆಫೀಸಿನ ಹುಡುಗಿ ಕೇಳಿದಳು. ಹೆಚ್ಚಿನವು ಕೊನೆಯ ಅರ್ಧ ಗಂಟೆಯಲ್ಲಿ ವ್ಯಾಪಾರವೇ ಆಗದವು, ಅಥವಾ ಸರ್ಕ್ಯೂಟ್‌ಗೆ, ಅಂದರೆ ಆ ದಿನ ದಾಟಬಾರದ ಬೆಲೆಯ ಮಿತಿಗೆ, ಬಡಿದು ಒಂದೇ ಬೆಲೆಗೆ ನಿಂತವು. ಅಂಥದರಲ್ಲಿ ಎಲ್‌ಟಿಪಿಯೂ ಕ್ಲೋಸಿಂಗೂ ಒಂದೇ. ಒಂದೆರಡು ಕಾಕತಾಳೀಯ.

ಎರಡು ಫೈಲನ್ನು ಕಂಪನಿ ಹೆಸರಿನಿಂದ ಹೊಂದಿಸಬಹುದಾ?

ಬೇಡ. ಸಿಂಬಲ್‌ನಿಂದಲೂ ಬೇಡ. ಝೊಮ್ಯಾಟೊ 2025ರ ಏಪ್ರಿಲ್‌ನಲ್ಲಿ ಎಟರ್ನಲ್ ಆದಾಗ ಸಿಂಬಲ್ `ZOMATO` ಹೋಗಿ `ETERNAL` ಬಂತು. ಒಬ್ಬ ವೆಂಡರ್ ಅದೇ ದಿನ ಬದಲಾಯಿಸುತ್ತಾನೆ, ಇನ್ನೊಬ್ಬ ವಾರ ಬಿಟ್ಟು. ಪ್ರತಿ ಶೇರಿಗೂ ಇರುವ ಗುರುತಿನ ನಂಬರ್, ಅಂದರೆ ಐಎಸ್‌ಐಎನ್, ಮಾತ್ರ ಬದಲಾಗಲಿಲ್ಲ. ಹಾಗಾಗಿ ಹೊಂದಿಸುವುದು ಐಎಸ್‌ಐಎನ್‌ನಿಂದ. ನಾವು ಬಳಸುವುದು ಇಷ್ಟೇ:

```python
m = a.merge(b, on="isin", how="outer",
            suffixes=("_a", "_b"),
            indicator=True, validate="one_to_one")
both = m[m["_merge"] == "both"].copy()
both["d"] = ((both["close_a"] * 100).round()
             - (both["close_b"] * 100).round())
bad = both[both["d"] != 0]
orphan = m[m["_merge"] != "both"]
```

ಇದರಲ್ಲಿ ಮೂರು ಕಡೆ ಕಣ್ಣಿಡಿ. ರೂಪಾಯಿಯನ್ನು ಪೈಸೆ ಮಾಡಿ ಪೂರ್ಣ ಸಂಖ್ಯೆಗೆ ತಂದ ಮೇಲೆ ಕಳೆಯುತ್ತೇವೆ. ಇಲ್ಲದಿದ್ದರೆ ಕಂಪ್ಯೂಟರ್ ದಶಮಾಂಶ ಇಟ್ಟುಕೊಳ್ಳುವ ರೀತಿಯಿಂದ ಸುಮ್ನೆ ಇಲ್ಲದ ವ್ಯತ್ಯಾಸ ಹುಟ್ಟುತ್ತದೆ. ಎರಡನೆಯದು `!= 0`. ಮೊದಲು ನಾನು `.abs() > 0` ಅಂತ ಬರೆದಿದ್ದೆ. ಬೆಲೆಯ ಜಾಗ ಖಾಲಿ ಇದ್ದರೆ ಕಳೆದಾಗ ಬರುವುದು `NaN`, ಅದು ಯಾವುದಕ್ಕಿಂತ ದೊಡ್ಡದಾ ಅಂತ ಕೇಳಿದರೂ ಉತ್ತರ ಇಲ್ಲ ಅಂತಲೇ. ಅಂದರೆ ಬೆಲೆಯೇ ಇಲ್ಲದ ಶೇರು ಸರಿ ಅಂತ ಪಾಸಾಗಿ ಹೋಗುತ್ತಿತ್ತು. `!= 0` ಅಂದರೆ ಖಾಲಿ ಇದ್ದದ್ದೂ ಸಿಕ್ಕಿಬೀಳುತ್ತದೆ. ಮೂರನೆಯದು `validate`. ಒಂದೇ ಐಎಸ್‌ಐಎನ್ ಎರಡು ಸೀರೀಸ್‌ನಲ್ಲಿ ಬರುವುದುಂಟು, ಉದಾಹರಣೆಗೆ ಮಾಮೂಲಿ `EQ` ಒಂದು, ಬ್ಲಾಕ್ ಡೀಲಿನ `BL` ಇನ್ನೊಂದು. ಅಂಥ ಸಾಲುಗಳನ್ನು ಮೊದಲೇ ತೆಗೆಯದಿದ್ದರೆ ಈ ಪದ ಇರುವುದರಿಂದ ಪ್ರೋಗ್ರಾಮ್ ಅಲ್ಲೇ ನಿಲ್ಲುತ್ತದೆ, ನಿಲ್ಲುವುದೇ ಒಳ್ಳೆಯದು.

`orphan` ಅಂತ ಬಂದ ಸಾಲುಗಳನ್ನು ಬಿಟ್ಟುಬಿಡಬಹುದಾ?

ಖಂಡಿತ ಬಿಡಬೇಡಿ. ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದ ಸಾಲುಗಳು ಇವು. ಶೇರು ಸ್ಪ್ಲಿಟ್ ಆದ ರಾತ್ರಿ ಮೊದಲ ಸುಳಿವು ಸಿಗುವುದು ಇಲ್ಲೇ.

ನಮ್ಮ ಊರಿನಲ್ಲೇ 1906ರಲ್ಲಿ ಹುಟ್ಟಿದ ಕೆನರಾ ಬ್ಯಾಂಕನ್ನೇ ತೆಗೆದುಕೊಳ್ಳಿ. 2024ರ ಮೇ 15ರಂದು ಅದರ 10 ರೂಪಾಯಿ ಮುಖಬೆಲೆಯ ಒಂದು ಶೇರು 2 ರೂಪಾಯಿಯ ಐದು ಶೇರುಗಳಾಯಿತು. ಮುಖಬೆಲೆ ಬದಲಾದರೆ ಐಎಸ್‌ಐಎನ್ ಕೂಡ ಬದಲಾಗುತ್ತದೆ. ಒಬ್ಬ ವೆಂಡರ್ ಹೊಸ ನಂಬರ್ ಹಾಕಿ, ಇನ್ನೊಬ್ಬ ಹಳೆಯದನ್ನೇ ಇಟ್ಟುಕೊಂಡಿದ್ದರೆ ಅದೇ ಸಿಂಬಲ್‌ನ ಎರಡು ಅನಾಥ ಸಾಲು ಒಂದೇ ರಾತ್ರಿ ಕಾಣುತ್ತವೆ. ಇಂಥ ಜೋಡಿ ಕಂಡರೆ ಮೊದಲು ಸ್ಪ್ಲಿಟ್ ಅಂತಲೇ ಹುಡುಕಿ.

ಇಲ್ಲಿ ಇನ್ನೊಂದು ಮೋಸ ಉಂಟು. ಇಬ್ಬರೂ ಹೊಸ ನಂಬರ್ ಹಾಕಿದ್ದಾರೆ, ಇವತ್ತಿನ ಕ್ಲೋಸಿಂಗ್ ಪೈಸೆ ಸಮೇತ ತಾಳೆಯಾಗಿದೆ, ಆದರೂ ಒಬ್ಬರು ಹಳೆಯ ಬೆಲೆಗಳನ್ನು ಐದರಿಂದ ಭಾಗಿಸಿಲ್ಲ. ಲೆಕ್ಕ ಸುಲಭವಾಗಲಿ ಅಂತ ನಿನ್ನೆ 500, ಇವತ್ತು 101 ಅಂದುಕೊಳ್ಳಿ. ಭಾಗಿಸಿದವರ ಪ್ರಕಾರ ನಿನ್ನೆ 100, ಇವತ್ತು ಶೇಕಡಾ 1 ಏರಿಕೆ. ಭಾಗಿಸದವರ ಪ್ರಕಾರ ಸುಮಾರು ಶೇಕಡಾ 80 ಕುಸಿತ. ಇವತ್ತಿನ ಬೆಲೆ ಮಾತ್ರ ತಾಳೆ ನೋಡುವವರಿಗೆ ಇದು ಕಾಣುವುದೇ ಇಲ್ಲ. ಅದಕ್ಕೆ ನಾವು ಎರಡನೇ ತಾಳೆ ಇಟ್ಟುಕೊಂಡಿದ್ದೇವೆ: ಪ್ರತಿ ವೆಂಡರ್‌ನ ನಿನ್ನೆಯ ಬೆಲೆಯನ್ನು ಅವರದೇ ಇತಿಹಾಸದಿಂದ ಮತ್ತೆ ತೆಗೆದು, ಎರಡೂ ಕಡೆಯ ದಿನದ ಏರಿಳಿತವನ್ನು ಹೋಲಿಸುವುದು. ನಿನ್ನೆಯ ಎರಡು ಬೆಲೆಗಳ ಅನುಪಾತ ಸರಿಯಾಗಿ 5, 2, 10 ಹೀಗೆ ಬಂದರೆ ಕಾರಣ ಹುಡುಕಲಿಕ್ಕೆ ದೂರ ಹೋಗಬೇಕಾಗಿಲ್ಲ.

ಬೋನಸ್ ಶೇರಿನಲ್ಲಿ ಐಎಸ್‌ಐಎನ್ ಬದಲಾಗುವುದಿಲ್ಲ. ರಿಲಯನ್ಸ್ 2024ರ ಅಕ್ಟೋಬರ್ 28ರಂದು ಒಂದಕ್ಕೆ ಒಂದು ಬೋನಸ್ ಕೊಟ್ಟಾಗ ಬೆಲೆ ಅರ್ಧ ಆಯಿತು, ನಂಬರ್ ಅದೇ ಉಳಿಯಿತು. ಅಂಥದ್ದು ಅನಾಥ ಪಟ್ಟಿಗೆ ಬರುವುದೇ ಇಲ್ಲ, ಈ ಎರಡನೇ ತಾಳೆಯಲ್ಲಿ ಮಾತ್ರ ಸಿಗುತ್ತದೆ.

ಹಳೆಯ ಬೆಲೆ ಹಾಗೇ ಉಳಿದುಕೊಂಡರೆ ಹೇಗೆ ಗುರುತಿಸುವುದು?

ಮಳೆಗಾಲದ ಒಂದು ರಾತ್ರಿ ಕರೆಂಟ್ ಹೋಗಿ ಬಂದು ಮಾಡುತ್ತಿತ್ತು, B ಫೈಲ್ ಅರ್ಧಕ್ಕೆ ಇಳಿದು ನಿಂತಿತ್ತು. ಡೌನ್‌ಲೋಡ್ ಆಗಿದೆ ಅಂತಲೇ ಕಾಣುತ್ತಿತ್ತು. ನಮ್ಮ ಪ್ರೋಗ್ರಾಮ್ ಬಂದ ಸಾಲುಗಳಿಗೆ ಹೊಸ ಬೆಲೆ ಹಾಕಿ, ಬಾರದವಕ್ಕೆ ನಿನ್ನೆಯದನ್ನೇ ಇಟ್ಟುಕೊಂಡಿತು. ತಪ್ಪು ವೆಂಡರ್‌ದಲ್ಲ, ನಮ್ಮದೇ.

ತಾಳೆಯ ಪಟ್ಟಿಯಲ್ಲಿ ಸುಮಾರು 190 ಶೇರು ಬಂದವು. ಸಿಂಬಲ್ ಪ್ರಕಾರ ಜೋಡಿಸಿ ನೋಡಿದರೆ `A`ಯಿಂದ `L` ತನಕ ಒಂದೂ ತಪ್ಪಿಲ್ಲ, `M`ನಿಂದ ಕೆಳಗೆ ಹೆಚ್ಚುಕಡಿಮೆ ಎಲ್ಲ ತಪ್ಪು. ಅಂಥ ಗೆರೆ ಕಂಡರೆ ಅದು ತುಂಡಾದ ಫೈಲ್, ಬೇರೆ ಏನೂ ಅಲ್ಲ.

ಇದಕ್ಕೆ ಎರಡನೇ ವೆಂಡರ್ ಇಲ್ಲದೆಯೂ ಒಂದು ಪರೀಕ್ಷೆ ಉಂಟು. ಇವತ್ತಿನ ಬೆಲೆ ನಿನ್ನೆಯದಕ್ಕೆ ಪೈಸೆ ಸಮೇತ ಸಮ ಇರುವ ಶೇರುಗಳನ್ನು ಎಣಿಸಿ. ನಮ್ಮ ಪಟ್ಟಿಯಲ್ಲಿ ಸಾಮಾನ್ಯ ದಿನ ಅಂಥವು ಮೂರೋ ನಾಲ್ಕೋ. ನೂರು ದಾಟಿದರೆ ಮುಂದೆ ಹೋಗಬೇಡಿ. ಅದರ ಜೊತೆಗೆ ವ್ಯಾಪಾರದ ಪ್ರಮಾಣ ನೋಡಿ: ನಿಜವಾಗಿ ವ್ಯಾಪಾರವೇ ಆಗದ ಶೇರಾದರೆ ಬೆಲೆ ಹಾಗೇ ಇರುವುದು ಸರಿ, ಆದರೆ ಲಕ್ಷ ಶೇರು ಕೈ ಬದಲಾಗಿಯೂ ಬೆಲೆ ಪೈಸೆ ಅಲ್ಲಾಡಲಿಲ್ಲ ಅಂದರೆ ನಂಬಬೇಡಿ.

ಎರಡೂ ಕಡೆ ಒಂದೇ ತಪ್ಪು ಇದ್ದರೆ?

ತಾಳೆಯಲ್ಲಿ ಸಿಗುವುದಿಲ್ಲ. ಈ ಪದ್ಧತಿಯ ದೊಡ್ಡ ಮಿತಿ ಇದೇ.

ನಮ್ಮ ದಕ್ಷಿಣ ಕನ್ನಡ, ಉಡುಪಿಯ ಮನೆಗಳಲ್ಲಿ ಅಜ್ಜನ ಕಾಲದಿಂದ ಬಂದ ಬ್ಯಾಂಕ್ ಶೇರುಗಳು ಜಾಸ್ತಿ. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು. ಮರುವರ್ಷ ಅದೇ ದಿನ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ, ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ಸೇರಿದವು. ಕಾರ್ಪೊರೇಷನ್ ಬ್ಯಾಂಕಿನ 1000 ಶೇರಿಗೆ ಯೂನಿಯನ್ ಬ್ಯಾಂಕಿನ 330 ಶೇರು ಬಂತು. ಅಲ್ಲಿಂದ ಮುಂದೆ `CORPBANK` ಅನ್ನುವ ಸಿಂಬಲ್‌ಗೆ ಬೆಲೆಯೇ ಇರಬಾರದು. ಆದರೆ ನಮ್ಮ ಆಗಿನ ಇಬ್ಬರು ವೆಂಡರ್‌ಗಳೂ ಕೊನೆಯ ದಿನದ ಬೆಲೆಯನ್ನು ಪ್ರತಿ ರಾತ್ರಿ ಹಾಗೇ ಕೊಡುತ್ತಿದ್ದರು. ಎರಡೂ ಒಂದೇ, ಪೈಸೆ ಸಮೇತ ತಾಳೆ! ಒಬ್ಬರ ಲೆಕ್ಕದಲ್ಲಿ ಹಳೆಯ ಶೇರೂ ಇತ್ತು, ಅದಕ್ಕೆ ಬದಲಾಗಿ ಬಂದ ಯೂನಿಯನ್ ಬ್ಯಾಂಕ್ ಶೇರೂ ಇತ್ತು, ಅದೇ ಆಸ್ತಿಗೆ ಎರಡು ಸಲ ಬೆಲೆ ಕಟ್ಟಿದ್ದೆವು.

ಈಗ ಮೂರನೇ ತಾಳೆಯಲ್ಲಿ ಭಾವ್‌ಕಾಪಿ ಬರುತ್ತದೆ. ಆ ದಿನ ವ್ಯಾಪಾರವಾಗದ ಶೇರು ಭಾವ್‌ಕಾಪಿಯಲ್ಲಿ ಇರುವುದಿಲ್ಲ. ವೆಂಡರ್ ಬೆಲೆ ಕೊಡುತ್ತಿದ್ದಾನೆ, ಭಾವ್‌ಕಾಪಿಯಲ್ಲಿ ಹತ್ತು ದಿನದಿಂದ ಹೆಸರಿಲ್ಲ ಅಂದರೆ ಒಬ್ಬ ಮನುಷ್ಯ ಕೂತು ನೋಡಬೇಕು ಅಂತ ನಿಯಮ ಮಾಡಿಕೊಂಡಿದ್ದೇವೆ.

ಇಬ್ಬರು ವೆಂಡರ್‌ಗಳೂ ಒಂದೇ ಕಡೆಯಿಂದ ಡೇಟಾ ಕೊಂಡು ಮಾರುವವರಾಗಿದ್ದರೂ ಇದೇ ಕಥೆ. ಸಹಿ ಹಾಕುವ ಮೊದಲು ನೇರವಾಗಿ ಕೇಳಿ: ಕ್ಲೋಸಿಂಗ್ ಬೆಲೆ ಎಕ್ಸ್‌ಚೇಂಜಿನಿಂದ ನೀವೇ ತೆಗೆದುಕೊಳ್ಳುತ್ತೀರಾ, ನಡುವೆ ಯಾರಾದರೂ ಇದ್ದಾರಾ? ಬಾಯಿಮಾತು ಬೇಡ, ಬರೆದು ಕೊಡಲಿ. ಮೂರು ತಿಂಗಳ ತಪ್ಪುಗಳ ಪಟ್ಟಿ ಇಟ್ಟುಕೊಂಡರೆ ಉತ್ತರ ನಿಮಗೇ ಸಿಗುತ್ತದೆ. ಇಬ್ಬರೂ ಅದೇ ದಿನ ಅದೇ ಶೇರಿನಲ್ಲಿ ಎಡವುತ್ತಿದ್ದರೆ ನೀವು ಒಂದೇ ಮಾಲಿಗೆ ಎರಡು ಕಡೆ ದುಡ್ಡು ಕೊಡುತ್ತಿದ್ದೀರಿ.

ತಾಳೆಯಾಗದಿದ್ದರೆ ಎರಡರ ಸರಾಸರಿ ತೆಗೆದುಕೊಳ್ಳಬಹುದಾ?

ಬೇಡವೇ ಬೇಡ. ಒಂದು ಸರಿ ಒಂದು ತಪ್ಪು ಇದ್ದರೆ ಸರಾಸರಿ ಖಂಡಿತ ತಪ್ಪು. ಎಲ್ಲಿಯೂ ಪ್ರಕಟವಾಗದ ಮೂರನೇ ಬೆಲೆಯೊಂದನ್ನು ನೀವೇ ಹುಟ್ಟಿಸಿದ ಹಾಗೆ.

A ತಪ್ಪಿದರೆ ತಾನಾಗಿಯೇ B ಬೆಲೆಗೆ ಹೋಗುವ ಹಾಗೂ ಮಾಡಬೇಡಿ, ಯಾಕೆಂದರೆ ತಾಳೆಯಾಗದಿರುವುದು ಯಾರು ತಪ್ಪು ಅಂತ ಹೇಳುವುದಿಲ್ಲ. ನಮ್ಮಲ್ಲಿ ಭಾವ್‌ಕಾಪಿಯ ಮಾತೇ ಅಂತಿಮ. ಅದು ಆ ರಾತ್ರಿ ಸಿಗದಿದ್ದರೆ ಆ ಶೇರಿಗೆ ನಿನ್ನೆಯ ಬೆಲೆಯನ್ನೇ ಇಟ್ಟು, ಸ್ಟೇಟ್‌ಮೆಂಟಿನಲ್ಲಿ ಆ ಸಾಲಿನ ಪಕ್ಕ ಚುಕ್ಕಿ ಹಾಕಿ, ನಿನ್ನೆಯದು ಅಂತ ಬರೆಯುತ್ತೇವೆ. ಯಾರು ಬದಲಾಯಿಸಿದರು, ಎಷ್ಟರಿಂದ ಎಷ್ಟಕ್ಕೆ, ಯಾವ ಆಧಾರದ ಮೇಲೆ ಅಂತ ಒಂದು ಸಾಲು ದಾಖಲೆಯೂ ಇರುತ್ತದೆ.

ಹಾಗಾದರೆ ಭಾವ್‌ಕಾಪಿಯನ್ನೇ ಬಳಸಬಾರದಾ? ವೆಂಡರ್ ಯಾಕೆ?

ನಿಮ್ಮ ಸ್ವಂತ ಇಪ್ಪತ್ತು ಎನ್‌ಎಸ್‌ಇ ಶೇರುಗಳ ಲೆಕ್ಕಕ್ಕಾದರೆ ಧಾರಾಳವಾಗಿ ಸಾಕು, ವೆಂಡರ್‌ಗೆ ದುಡ್ಡು ಸುರಿಯಬೇಡಿ. ನಮಗೆ ಬಿಎಸ್‌ಇಯಲ್ಲಿ ಮಾತ್ರ ಇರುವ ಶೇರುಗಳು, ಬಾಂಡ್‌ಗಳು, ಸ್ಪ್ಲಿಟ್ ಮತ್ತು ಬೋನಸ್‌ಗೆ ಸರಿಮಾಡಿದ ಹಳೆಯ ಬೆಲೆಗಳು ಎಲ್ಲ ಬೇಕು, ಅದೆಲ್ಲ ಎನ್‌ಎಸ್‌ಇಯ ಭಾವ್‌ಕಾಪಿಯೊಂದರಲ್ಲೇ ಸಿಗುವುದಿಲ್ಲ. ವ್ಯಾಪಾರಕ್ಕೆ ಬಳಸುವುದಾದರೆ ಎಕ್ಸ್‌ಚೇಂಜಿನ ಡೇಟಾ ಬಳಕೆಯ ಷರತ್ತುಗಳನ್ನೂ ಓದಿಕೊಳ್ಳಿ.

ಶನಿವಾರ, ಭಾನುವಾರ ಓಡಿಸಬೇಕಾ?

ಓಡಿಸಿ. 2024ರ ಜನವರಿ 20 ಶನಿವಾರ, ಮಾರುಕಟ್ಟೆ ಪೂರ್ತಿ ದಿನ ತೆರೆದಿತ್ತು, ಬದಲಿಗೆ 22ರ ಸೋಮವಾರ ರಜೆ. 2025ರ ಫೆಬ್ರವರಿ 1 ಬಜೆಟ್‌ನ ಶನಿವಾರ, ಅವತ್ತೂ ವ್ಯಾಪಾರ ನಡೆಯಿತು. ದೀಪಾವಳಿಯ ಮುಹೂರ್ತ ವ್ಯಾಪಾರವಂತೂ ಪ್ರತಿ ವರ್ಷ ಇದ್ದದ್ದೇ. ಶನಿವಾರ ಅಂದರೆ ರಜೆ ಅಂತ ಪ್ರೋಗ್ರಾಮಿನಲ್ಲಿ ಬರೆದಿಟ್ಟ ವೆಂಡರ್ ಆ ದಿನವನ್ನೇ ನುಂಗುತ್ತಾನೆ. ಫೈಲ್ ತೆರೆದ ಕೂಡಲೇ ಬೆಲೆಗಿಂತ ಮೊದಲು ಒಳಗಿನ ತಾರೀಕು ನೋಡುವುದು ಅದಕ್ಕೇ. ಫೈಲಿನ ಹೆಸರಿನಲ್ಲಿರುವ ತಾರೀಕು ನಂಬಬೇಡಿ.

ರಾತ್ರಿ ಎಷ್ಟು ಗಂಟೆಗೆ ಓಡಿಸುವುದು ಒಳ್ಳೆಯದು?

ನಾವು ಒಂಬತ್ತಕ್ಕೆ ಓಡಿಸುತ್ತೇವೆ. ತೀರ ಬೇಗ, ನಾಲ್ಕು ಗಂಟೆಗೆಲ್ಲ ಓಡಿಸಿದರೆ ಕೆಲವರ ಫೈಲಿನಲ್ಲಿ ತಾತ್ಕಾಲಿಕ ಬೆಲೆ ಇರುತ್ತದೆ, ಸುಮ್ನೆ ಗಾಬರಿ. ಒಂಬತ್ತಕ್ಕಾದರೆ ಏನಾದರೂ ಸಿಕ್ಕಿದಾಗ ಊಟ ಮುಗಿಸಿ ಕೂತು ನೋಡಲಿಕ್ಕೂ ಸಮಯ ಸಿಗುತ್ತದೆ.

ಅದರ ಜೊತೆ ಹಿಂದಿನ ಐದು ದಿನಗಳನ್ನೂ ಮತ್ತೆ ತಾಳೆ ನೋಡಿ. ವೆಂಡರ್‌ಗಳು ಹಳೆಯ ಬೆಲೆಯನ್ನು ಆಮೇಲೆ ತಿದ್ದುತ್ತಾರೆ, ಹೇಳುವುದಿಲ್ಲ. ಮಂಗಳವಾರ ರಾತ್ರಿ ಅವರು ಕೊಟ್ಟ ಮಂಗಳವಾರದ ಬೆಲೆ, ಶುಕ್ರವಾರ ಅವರೇ ಕೊಡುವ ಮಂಗಳವಾರದ ಬೆಲೆ, ಎರಡೂ ಒಂದೇ ಇರಬೇಕು. ಇದನ್ನು ನೋಡಬೇಕಾದರೆ ಬಂದ ಫೈಲನ್ನು ಬಂದ ಹಾಗೆಯೇ, ಒಂದು ಅಕ್ಷರ ಮುಟ್ಟದೆ, ತಾರೀಕು ಹಾಕಿ ಎತ್ತಿಡಬೇಕು. ಆ ಆರು ರಾತ್ರಿಗಳ ಎಲ್‌ಟಿಪಿ ತಪ್ಪನ್ನು ನಾನು ಸಾಬೀತು ಮಾಡಿದ್ದೂ ಹಾಗೆ ಎತ್ತಿಟ್ಟ ಫೈಲಿನಿಂದ. ನಾವು ದೂರು ಕೊಟ್ಟ ಮರುದಿನವೇ ಅವರ ಸರ್ವರಿನಲ್ಲಿ ಹಳೆಯ ಬೆಲೆಗಳೆಲ್ಲ ಸರಿಯಾಗಿದ್ದವು, ತಪ್ಪೇ ಆಗಿರಲಿಲ್ಲವೇನೋ ಅನ್ನುವ ಹಾಗೆ.

ವೆಂಡರ್‌ಗೆ ದೂರು ಹೇಗೆ ಬರೆಯುವುದು? ಉತ್ತರವೇ ಬರುವುದಿಲ್ಲ.

ನಿಮ್ಮ ಬೆಲೆ ತಪ್ಪಿದೆ ಅಂತ ಬರೆದರೆ ಪರಿಶೀಲಿಸುತ್ತೇವೆ ಅಂತ ಒಂದು ಸಾಲು ಬರುತ್ತದೆ, ಅಷ್ಟೇ. B ಬೆಲೆಯ ಜೊತೆ ಹೋಲಿಸಿದೆವು ಅಂತಲೂ ಬರೆಯಬೇಡಿ, ಅವರದೇ ತಪ್ಪು ಅಂದುಬಿಡುತ್ತಾರೆ. ಮೂರು ಶೇರು ಆರಿಸಿ, ಹೆಚ್ಚು ವ್ಯಾಪಾರ ಆಗುವಂಥವು. ಪ್ರತಿಯೊಂದಕ್ಕೂ ಐಎಸ್‌ಐಎನ್, ತಾರೀಕು, ಅವರು ಕೊಟ್ಟ ಬೆಲೆ, ಭಾವ್‌ಕಾಪಿಯ ಬೆಲೆ, ಅವರ ಫೈಲ್ ನಿಮಗೆ ಬಂದ ಗಂಟೆ ಮತ್ತು ನಿಮಿಷ ಕೊಡಿ. ಆಮೇಲೆ ನಿಮ್ಮ ಊಹೆಯನ್ನು ಒಂದೇ ಸಾಲಿನಲ್ಲಿ ನೇರ ಬರೆಯಿರಿ. ನಾನು ಅವತ್ತು ಬರೆದದ್ದು ಹೀಗೆ:

"ಸೋಮವಾರದಿಂದ ನಿಮ್ಮ ಕ್ಲೋಸಿಂಗ್ ಕಾಲಮ್ಮಿನಲ್ಲಿ ಎನ್‌ಎಸ್‌ಇ ಭಾವ್‌ಕಾಪಿಯ `LastPric` ಬರುತ್ತಿದೆ, `ClsPric` ಬರಬೇಕಿತ್ತು. 412ರಲ್ಲಿ 375 ಶೇರುಗಳ ಪಟ್ಟಿ ಜೊತೆಗಿದೆ. ಶುಕ್ರವಾರದ ತನಕ ಸರಿ ಇತ್ತು. ವಾರಾಂತ್ಯದಲ್ಲಿ ಏನು ಬದಲಾಯಿಸಿದಿರಿ ಅಂತ ತಿಳಿಸಿ."

ನಾಲ್ಕು ಗಂಟೆಯೊಳಗೆ ಅವರ ತಾಂತ್ರಿಕ ವಿಭಾಗದಿಂದಲೇ ಫೋನ್ ಬಂತು. ಹೊಸ ಸರ್ವರಿಗೆ ಹೋಗುವಾಗ ಎರಡು ಕಾಲಮ್ ಅದಲುಬದಲಾಗಿತ್ತು.